ಕವಳಕ್ಕೆ ಹೊಗೆಸೊಪ್ಪು ಸೇರಿದಾಗ ಬಾಯಿಯೊಳಗೆ ನಡೆಯುವುದೇನು?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಕವಳದ ತಟ್ಟೆ ಎಂದರೆ ವೀಳ್ಯದೆಲೆ, ಅಡಿಕೆ ಮತ್ತು ಸುಣ್ಣ. ಅದೇ ತಟ್ಟೆಯ ಅಂಚಿನಲ್ಲಿ ಹಲವು ಮನೆಗಳಲ್ಲಿ ಹೊಗೆಸೊಪ್ಪಿನ ತುಂಡೂ ಇರುತ್ತದೆ. ಮೊದಲಿನ ಮೂರನ್ನಷ್ಟೇ ಊಟದ ನಂತರ ಹಾಕಿಕೊಳ್ಳುವವರಿದ್ದಾರೆ. ನಾಲ್ಕನೆಯದು ಇಲ್ಲದೆ ಕವಳವೇ ಆಗುವುದಿಲ್ಲ ಎನ್ನುವವರೂ ಇದ್ದಾರೆ. ನೋಡುವವರಿಗೆ ಎರಡೂ ಒಂದೇ ಅಭ್ಯಾಸದಂತೆ ಕಾಣುತ್ತವೆ, ಆದರೆ ಬಾಯಿಯ ಕ್ಯಾನ್ಸರಿನ ದೃಷ್ಟಿಯಿಂದ ಇವೆರಡರ ನಡುವೆ ಬಹಳ ದೊಡ್ಡ ಅಂತರವಿದೆ. ಆ ಅಂತರ ಎಷ್ಟು, ಮತ್ತು ಒಂದು ಚೂರು ಎಲೆ ಅದನ್ನು ಹೇಗೆ ಉಂಟುಮಾಡುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಈ ವಿಷಯವನ್ನೆತ್ತಿದರೆ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅಡಿಕೆ ಬೆಳೆದು ಬದುಕುವವರು, ತಪ್ಪೆಲ್ಲ ತಂಬಾಕಿನದು, ಅಡಿಕೆಯ ಮೇಲೆ ಸುಮ್ಮನೆ ಅಪವಾದ ಬಂದಿದೆ ಎನ್ನುತ್ತಾರೆ. ಇನ್ನು ಕೆಲವರು, ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದ ಮೇಲೆ ಹೊಗೆಸೊಪ್ಪು ಬಿಟ್ಟರೆಷ್ಟು, ಹಾಕಿದರೆಷ್ಟು ಎನ್ನುತ್ತಾರೆ. ಮೊದಲನೆಯ ಮಾತು ಅಡಿಕೆಯ ಪಾಲನ್ನು ಪೂರ್ತಿ ಅಳಿಸಿಹಾಕುತ್ತದೆ, ಎರಡನೆಯದು ತಂಬಾಕಿನ ಪಾಲನ್ನು ಮರೆಮಾಡುತ್ತದೆ. ಅಡಿಕೆಯನ್ನೇ ನಂಬಿರುವ ಊರಿನಲ್ಲಿ ಇದನ್ನು ಬಿಡಿಸಿ ಹೇಳುವುದು ಸುಲಭವಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡದೆ ಯಾರಿಗೂ ಉಪಕಾರವಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಭಾಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ, ತಂಬಾಕು ಸೇರಿಸಿದ ಕವಳ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಹೇಳಿತು. ತಂಬಾಕಿಲ್ಲದ ಕವಳದ ಬಗ್ಗೆ ತೀರ್ಮಾನಕ್ಕೆ ಬರುವಷ್ಟು ಪುರಾವೆ ಆಗ ಇರಲಿಲ್ಲ. ಮುಂದೆ ದೊರೆತ ಅಧ್ಯಯನಗಳನ್ನು 2003ರಲ್ಲಿ ಮತ್ತೆ ಪರಿಶೀಲಿಸಿದಾಗ, ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಅದೇ ಮೊದಲನೆಯ ಗುಂಪಿಗೆ ಸೇರಿಸಲಾಯಿತು. ಎರಡೂ ಒಂದೇ ಗುಂಪಿನಲ್ಲಿವೆ ಎಂದ ಮಾತ್ರಕ್ಕೆ ಎರಡರ ಅಪಾಯವೂ ಸಮಾನವೆಂದು ತಿಳಿಯುವವರು ಇಲ್ಲಿಯೇ ಎಡವುತ್ತಾರೆ. ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಮಾತ್ರ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಅವು ಹೇಳುವುದಿಲ್ಲ. ಅದಕ್ಕೆ ಬೇರೆ ಬಗೆಯ ಅಳತೆ ಬೇಕು.

ಅಂಥ ಅಳತೆಯೊಂದು 2014ರಲ್ಲಿ ಪ್ರಕಟವಾಯಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಆ ವಿಶ್ಲೇಷಣೆಯ ಪ್ರಕಾರ, ಭಾರತ ಉಪಖಂಡದಲ್ಲಿ ತಂಬಾಕಿಲ್ಲದ ಕವಳ ಹಾಕುವವರಿಗೆ ಬಾಯಿ ಮತ್ತು ಗಂಟಲಿನ ಮೇಲ್ಭಾಗದ ಕ್ಯಾನ್ಸರ್ ಬರುವ ಸಂಭವವು ಕವಳ ಹಾಕದವರಿಗಿಂತ ಸುಮಾರು 2.6 ಪಟ್ಟು ಹೆಚ್ಚು. ತಂಬಾಕು ಸೇರಿಸಿದ ಕವಳ ಹಾಕುವವರಲ್ಲಿ ಅದು ಸುಮಾರು 7.7 ಪಟ್ಟು. ಹೆಂಗಸರನ್ನು ಮಾತ್ರ ತೆಗೆದುಕೊಂಡರೆ ತಂಬಾಕಿನ ಕವಳದ ಅಪಾಯ 14 ಪಟ್ಟನ್ನೂ ಮೀರುತ್ತದೆ.

ಪಟ್ಟುಗಳ ಲೆಕ್ಕ ಕೆಲವೊಮ್ಮೆ ಮನಸ್ಸಿಗೆ ನಾಟುವುದಿಲ್ಲವಾದ್ದರಿಂದ ಒಂದು ಕಲ್ಪಿತ ಉದಾಹರಣೆಯನ್ನು ಹೇಳುತ್ತೇನೆ. ಕವಳವನ್ನೇ ಮುಟ್ಟದ ಸಾವಿರ ಜನರಲ್ಲಿ ಇಬ್ಬರಿಗೆ ಜೀವಮಾನದಲ್ಲಿ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ಇಟ್ಟುಕೊಳ್ಳೋಣ. ಮೇಲಿನ ಪಟ್ಟುಗಳನ್ನು ಅನ್ವಯಿಸಿದರೆ, ಎಲೆ, ಅಡಿಕೆ, ಸುಣ್ಣ ಮಾತ್ರ ಹಾಕುವ ಸಾವಿರ ಜನರಲ್ಲಿ ಐವರಿಗೆ, ಹೊಗೆಸೊಪ್ಪನ್ನೂ ಸೇರಿಸುವ ಸಾವಿರ ಜನರಲ್ಲಿ ಹದಿನೈದು ಮಂದಿಗೆ ಅದು ಬರುತ್ತದೆ. ಎರಡರಿಂದ ಐದಕ್ಕೆ ಏರಿದ ಭಾಗ ಮುಖ್ಯವಾಗಿ ಅಡಿಕೆಯದು, ಐದರಿಂದ ಹದಿನೈದಕ್ಕೆ ಏರಿದ ಭಾಗ ತಂಬಾಕು ಬಂದು ಕೂಡಿಕೊಂಡದ್ದರಿಂದ ಆದದ್ದು. ತಪ್ಪೆಲ್ಲ ತಂಬಾಕಿನದೇ ಎನ್ನುವವರೂ ಹಾಕಿದರೆಷ್ಟು, ಬಿಟ್ಟರೆಷ್ಟು ಎನ್ನುವವರೂ ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ನೋಡಬೇಕು.

ತಂಬಾಕಿಲ್ಲದ ಕವಳವನ್ನು ನಿರಪಾಯಕಾರಿ ಎನ್ನಲಾಗದು ಎಂಬುದಕ್ಕೆ ತೈವಾನಿನ ಅನುಭವವೂ ಸಾಕ್ಷಿ. ಅಲ್ಲಿನ ಕವಳಕ್ಕೆ ತಂಬಾಕು ಹಾಕುವ ಪದ್ಧತಿ ಇಲ್ಲ. ಹಸಿಯಾದ ಎಳೆಯ ಅಡಿಕೆಯನ್ನು ಸುಣ್ಣದೊಂದಿಗೆ, ಹಲವು ಸಲ ವೀಳ್ಯದ ಬಳ್ಳಿಯ ಹೂಗೊಂಚಲಿನೊಂದಿಗೆ ಅಗಿಯುತ್ತಾರೆ. ಅದೇ ವಿಶ್ಲೇಷಣೆಯಲ್ಲಿ ಅಲ್ಲಿಯ ಅಪಾಯ ಸುಮಾರು 11 ಪಟ್ಟು ಎಂದು ಕಂಡುಬಂದಿದೆ. ಅಡಿಕೆ ಯಾವ ಹದದ್ದು, ಯಾವುದರ ಜೊತೆಗೆ, ದಿನಕ್ಕೆ ಎಷ್ಟು ಸಲ ಎಂಬುದರ ಮೇಲೆ ಅಪಾಯ ಬದಲಾಗುತ್ತದೆ. ನಮ್ಮ ಕೆಂಪಡಿಕೆಯನ್ನು ಸುಲಿದು ಬೇಯಿಸುವಾಗ ಅದರಲ್ಲಿರುವ ಅರೆಕೋಲಿನ್ ಎಂಬ ಕ್ಷಾರಕ ಮತ್ತು ಒಗರಿನ ಅಂಶ ಸ್ವಲ್ಪ ಮಟ್ಟಿಗೆ ನೀರಿಗೆ ಇಳಿಯುತ್ತದೆ ಎಂಬುದು ನಿಜ. ಆದರೆ ಆ ನೀರೇ ಗಟ್ಟಿಯಾಗಿ ಚೊಗರಾಗುತ್ತದೆ, ಬಣ್ಣಕ್ಕಾಗಿ ಅದನ್ನೇ ಮತ್ತೆ ಅಡಿಕೆಗೆ ಹಚ್ಚುತ್ತೇವೆ. ಬೇಯಿಸಿದ ಅಡಿಕೆಯಾದ್ದರಿಂದ ಭಯವಿಲ್ಲ ಎಂದು ಹೇಳಲು ಇದು ಸಾಲದು.

ಇನ್ನು ಬಾಯಿಯೊಳಗೆ ನಡೆಯುವುದನ್ನು ನೋಡೋಣ. ಕೆನ್ನೆಯ ಒಳಮೈ ತೆಳುವಾದ, ಸದಾ ಒದ್ದೆಯಾಗಿರುವ ಪೊರೆ. ಅದರ ಮೇಲ್ಪದರದ ಜೀವಕೋಶಗಳು ಸವೆದುಹೋಗುತ್ತಿರುತ್ತವೆ, ಕೆಳಪದರದ ಕೋಶಗಳು ವಿಭಜನೆಗೊಂಡು ಆ ಜಾಗವನ್ನು ತುಂಬುತ್ತಿರುತ್ತವೆ. ಅಡಿಕೆಯ ಒರಟು ಚೂರುಗಳು ಈ ಪೊರೆಯನ್ನು ಉಜ್ಜುತ್ತವೆ, ಸುಣ್ಣ ಅದನ್ನು ಸುಡುತ್ತದೆ. ಅಡಿಕೆಯ ಅರೆಕೋಲಿನ್ ಪೊರೆಯ ಕೆಳಗಿನ ನಾರಿನ ಅಂಗಾಂಶವನ್ನು ಹೆಚ್ಚಿಸುತ್ತದೆ. ಅಡಿಕೆಯ ಒಗರಿನ ವಸ್ತುಗಳು ಸುಣ್ಣದ ಸಂಪರ್ಕದಲ್ಲಿ ಆಮ್ಲಜನಕದ ಉಗ್ರ ಕಣಗಳನ್ನು ಹುಟ್ಟಿಸುತ್ತವೆ. ಅವು ಕೋಶದ ಡಿಎನ್‌ಎಯನ್ನು ತಾಕುತ್ತವೆ. ಹೀಗೆ ತಂಬಾಕು ಇಲ್ಲದೆಯೇ ಕೆನ್ನೆಯ ಒಳಗೆ ಗಾಯ, ಉರಿಯೂತ, ರಿಪೇರಿ, ಮತ್ತೆ ಗಾಯ ಎಂಬ ಸುತ್ತು ವರ್ಷಗಟ್ಟಲೆ ನಡೆಯುತ್ತದೆ. ಗಾಯವಾದಷ್ಟೂ ಕೆಳಪದರದ ಕೋಶಗಳು ಬೇಗಬೇಗನೆ ವಿಭಜನೆಯಾಗಬೇಕಾಗುತ್ತದೆ ಎಂಬುದು ಮುಂದಿನ ಮಾತಿಗೆ ಮುಖ್ಯ.

ಇಂಥ ಕೆನ್ನೆಗೆ ಹೊಗೆಸೊಪ್ಪು ಬರುತ್ತದೆ. ತಂಬಾಕಿನ ಹಸಿ ಎಲೆಯಲ್ಲಿ ನಿಕೋಟಿನ್ ಇರುತ್ತದೆ, ನೆಲದಿಂದ ಹೀರಿದ ನೈಟ್ರೇಟ್ ಇರುತ್ತದೆ. ಎಲೆಯನ್ನು ಒಣಗಿಸಿ, ಹದಮಾಡಿ, ಮೂಟೆಕಟ್ಟಿ ಇಡುವ ಕಾಲದಲ್ಲಿ ಸೂಕ್ಷ್ಮಜೀವಿಗಳು ಆ ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೈಟು ನಿಕೋಟಿನ್ ಮತ್ತು ಅದರ ಹತ್ತಿರದ ವಸ್ತುಗಳ ಜೊತೆಗೂಡಿ ನೈಟ್ರೊಸಮೈನ್ ಎಂಬ ಸಂಯುಕ್ತಗಳನ್ನು ಉಂಟುಮಾಡುತ್ತದೆ. ಇವುಗಳಲ್ಲಿ ಎನ್‌ಎನ್‌ಎನ್ ಮತ್ತು ಎನ್‌ಎನ್‌ಕೆ ಎಂಬ ಎರಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳೆಂದು ಅದೇ ಅಂತರರಾಷ್ಟ್ರೀಯ ಸಂಸ್ಥೆ ಗುರುತಿಸಿದೆ. ಹೊಗೆ ಸೇದಿದರೆ ಮಾತ್ರ ತಂಬಾಕು ಕೆಟ್ಟದ್ದು, ಅಗಿದರೆ ಸುಡುವುದಿಲ್ಲವಲ್ಲ ಎಂದು ವಾದಿಸುವವರಿಗೆ ಇದೇ ಉತ್ತರ. ಈ ವಿಷ ಬೆಂಕಿಯಿಂದ ಹುಟ್ಟಬೇಕಾಗಿಲ್ಲ; ಅಂಗಡಿಯಿಂದ ತಂದ ಎಸಳಿನಲ್ಲಿ, ಕಡ್ಡಿಪುಡಿಯ ಪೊಟ್ಟಣದಲ್ಲಿ ಅದು ಆಗಲೇ ತಯಾರಾಗಿ ಕುಳಿತಿರುತ್ತದೆ.

ನೈಟ್ರೊಸಮೈನುಗಳು ಕೋಶದೊಳಗೆ ಹೋದ ಮೇಲೆ, ಹೊರಗಿನ ವಸ್ತುಗಳನ್ನು ಕರಗಿಸಿ ಹೊರಹಾಕಲೆಂದೇ ಇರುವ ನಮ್ಮ ದೇಹದ ಕಿಣ್ವಗಳು ಅವುಗಳನ್ನು ಬದಲಿಸುತ್ತವೆ. ದುರದೃಷ್ಟವೆಂದರೆ ಆ ಬದಲಾವಣೆಯ ನಡುವೆ ಹುಟ್ಟುವ ರೂಪವೇ ಹೆಚ್ಚು ಅಪಾಯಕಾರಿಯಾದದ್ದು: ಅದು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಕಿತ್ತು ಸರಿಪಡಿಸುವ ವ್ಯವಸ್ಥೆಯೂ ಕೋಶದಲ್ಲಿದೆ, ಆದರೆ ಅದಕ್ಕೆ ಸಮಯ ಬೇಕು. ಸರಿಪಡಿಸುವ ಮೊದಲೇ ಕೋಶ ವಿಭಜನೆಯಾದರೆ, ಆ ದೋಷ ಮುಂದಿನ ಕೋಶಗಳಲ್ಲಿ ಶಾಶ್ವತವಾಗಿ ದಾಖಲಾಗುತ್ತದೆ. ಅಡಿಕೆ ಮತ್ತು ಸುಣ್ಣದಿಂದ ಗಾಯಗೊಂಡ ಕೆನ್ನೆಯಲ್ಲಿ ಕೋಶಗಳು ಅವಸರದಲ್ಲಿ ವಿಭಜನೆಯಾಗುತ್ತಿರುತ್ತವೆ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ. ಒಂದು ಕಡೆ ದೋಷಗಳ ಸಂಖ್ಯೆ ಹೆಚ್ಚುತ್ತದೆ, ಇನ್ನೊಂದು ಕಡೆ ಅವುಗಳನ್ನು ತಿದ್ದುವ ಬಿಡುವು ಕಡಿಮೆಯಾಗುತ್ತದೆ. ಇಂಥ ದೋಷಗಳು ಹಲವು ವರ್ಷಗಳಲ್ಲಿ ಒಂದೇ ಕೋಶದ ವಂಶದಲ್ಲಿ ಕೂಡಿಬಂದು, ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳು ಕೆಟ್ಟಾಗ ಕ್ಯಾನ್ಸರ್ ಆರಂಭವಾಗುತ್ತದೆ.

ಇಡೀ ಪ್ರಕ್ರಿಯೆಯಲ್ಲಿ ಸುಣ್ಣ ವಹಿಸುವ ಪಾತ್ರದ ಬಗ್ಗೆ ಜನ ಯೋಚಿಸುವುದು ಕಡಿಮೆ. ನಿಕೋಟಿನ್ ಕೆನ್ನೆಯ ಪೊರೆಯನ್ನು ದಾಟಬೇಕಾದರೆ ಅದು ವಿದ್ಯುದಂಶವಿಲ್ಲದ ರೂಪದಲ್ಲಿರಬೇಕು, ಮತ್ತು ಆ ರೂಪದ ಪ್ರಮಾಣ ಬಾಯಿಯ ರಸ ಎಷ್ಟು ಕ್ಷಾರೀಯವಾಗಿದೆ ಎಂಬುದನ್ನು ಅವಲಂಬಿಸಿದೆ. ರಸದ ಪಿಎಚ್ 7 ಇದ್ದಾಗ ನಿಕೋಟಿನ್‌ನ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ದಾಟಬಲ್ಲ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅರ್ಧದಷ್ಟು, 9 ಆದರೆ ಹತ್ತರಲ್ಲಿ ಒಂಬತ್ತು ಪಾಲು ದಾಟಲು ಸಿದ್ಧವಾಗಿರುತ್ತದೆ. ಎಲೆಗೆ ಸವರಿದ ಸುಣ್ಣ ಮಾಡುವುದು ಇದೇ ಬದಲಾವಣೆಯನ್ನು. ಸುಣ್ಣವಿಲ್ಲದೆ ಹೊಗೆಸೊಪ್ಪು ಸಪ್ಪೆ, ಸುಣ್ಣ ಬಿದ್ದರೆ ತಲೆಗೆ ಏರುತ್ತದೆ ಎಂದು ಹಾಕಿಕೊಳ್ಳುವವರು ಹೇಳುವುದು ರಸಾಯನಶಾಸ್ತ್ರದ ಪ್ರಕಾರವೂ ಸರಿಯಾದ ಮಾತು.

ಹೀಗೆ ವೇಗವಾಗಿ ರಕ್ತಕ್ಕೆ ಸೇರುವ ನಿಕೋಟಿನ್ ಚಟವನ್ನು ಹುಟ್ಟಿಸುತ್ತದೆ. ಅಡಿಕೆಗೂ ಅಂಟಿಸಿಕೊಳ್ಳುವ ಗುಣವಿದೆ, ಆದರೆ ನಿಕೋಟಿನ್ ಸೇರಿದಾಗ ಬಿಡಿಸಿಕೊಳ್ಳುವುದು ಇನ್ನೂ ಕಷ್ಟ. ಅಪಾಯ ಹೆಚ್ಚಿಸುವಲ್ಲಿ ನೈಟ್ರೊಸಮೈನುಗಳ ನಂತರದ ದೊಡ್ಡ ಪಾಲು ಇದರದ್ದೆಂದು ನನ್ನ ಅಭಿಪ್ರಾಯ, ಏಕೆಂದರೆ ಚಟವು ಕವಳ ಬಾಯಿಯಲ್ಲಿರುವ ಅವಧಿಯನ್ನೇ ಬದಲಿಸಿಬಿಡುತ್ತದೆ.

ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಅಡಿಕೆ ಸುಲಿಯುವ ಇಬ್ಬರು ಹೆಂಗಸರನ್ನು ಊಹಿಸಿಕೊಳ್ಳಿ. ಒಬ್ಬರು ತಿಂಡಿ ಮತ್ತು ಎರಡು ಊಟಗಳ ನಂತರ ಹೊಗೆಸೊಪ್ಪಿಲ್ಲದ ಕವಳವನ್ನು ಹದಿನೈದು ನಿಮಿಷ ಅಗಿದು ಉಗಿಯುತ್ತಾರೆ. ದಿನಕ್ಕೆ ಒಟ್ಟು 45 ನಿಮಿಷವಾಯಿತು. ಇನ್ನೊಬ್ಬರು ಹೊಗೆಸೊಪ್ಪು ಸೇರಿಸುವವರು. ಬೆಳಿಗ್ಗೆ ಎದ್ದ ಕೂಡಲೇ ಒಂದು, ಕೆಲಸದ ನಡುವೆ ನಿದ್ದೆ ತೂಗದಿರಲೆಂದು ಇನ್ನೊಂದು, ಹೀಗೆ ದಿನಕ್ಕೆ ಎಂಟು ಸಲ ಅರ್ಧ ಅರ್ಧ ಗಂಟೆ ಎಂದರೆ ನಾಲ್ಕು ಗಂಟೆಯಾಗುತ್ತದೆ. ಮಲಗುವಾಗ ಎಡಗೆನ್ನೆಯ ಸಂದಿಯಲ್ಲಿ ಒತ್ತರಿಸಿಕೊಂಡ ಕವಳ ಬೆಳಗಿನವರೆಗೆ ಆರು ಗಂಟೆ ಅಲ್ಲೇ ಇರುತ್ತದೆ. ಒಟ್ಟು ಹತ್ತು ಗಂಟೆ, ಅಂದರೆ ಮೊದಲಿನವರಿಗಿಂತ ಹದಿಮೂರು ಪಟ್ಟಿಗೂ ಹೆಚ್ಚು ಕಾಲ. ಕ್ಯಾನ್ಸರಿನ ಸಂಭವ ಗಂಟೆಗಳಿಗೆ ಸರಿಸಮವಾಗಿ ಏರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಎರಡನೆಯವರ ಕೆನ್ನೆಯ ಆ ಒಂದೇ ಭಾಗಕ್ಕೆ ತಂಬಾಕಿನ ವಿಷದ ಜೊತೆಗೆ ಅಡಿಕೆ ಮತ್ತು ಸುಣ್ಣದ ಗಾಯವೂ ಹಲವು ಪಟ್ಟು ಹೆಚ್ಚಾಗಿ ತಗಲುತ್ತಿದೆ. ರಾತ್ರಿ ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹಳ ಕಡಿಮೆಯಾಗುವುದರಿಂದ ಆ ರಸ ತೊಳೆದುಹೋಗುವುದೂ ಇಲ್ಲ.

ಬೆಂಗಳೂರಿನಲ್ಲಿ ಬಾಯಿ ಕ್ಯಾನ್ಸರಿನ 348 ರೋಗಿಗಳನ್ನು ಅದೇ ವಯಸ್ಸಿನ, ಅದೇ ಪ್ರದೇಶದ ಆರೋಗ್ಯವಂತರೊಂದಿಗೆ ಹೋಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ತೋರಿಸಿತು. ತಂಬಾಕಿನ ಕವಳ ಹಾಕಿದ ವರ್ಷಗಳು, ದಿನಕ್ಕೆ ಎಷ್ಟು ಸಲ, ಪ್ರತಿ ಸಲ ಎಷ್ಟು ಹೊತ್ತು ಎಂಬ ಮೂರೂ ಏರಿದಂತೆ ಅಪಾಯವೂ ಏರುತ್ತಾ ಹೋಗಿತ್ತು. ಕವಳವನ್ನು ಬಾಯಿಯಲ್ಲಿಟ್ಟುಕೊಂಡೇ ನಿದ್ದೆ ಮಾಡುವ ಅಭ್ಯಾಸವಿದ್ದವರಲ್ಲಿ ಅದು 17 ಪಟ್ಟಿಗೂ ಮೀರಿತ್ತು. ಹಳ್ಳಿಗಳಲ್ಲಿ ಕ್ಯಾನ್ಸರಿನ ಬಗ್ಗೆ ಮಾತನಾಡುವ ಆರೋಗ್ಯ ಕಾರ್ಯಕರ್ತರು ಬೇರೇನನ್ನು ಕೇಳದಿದ್ದರೂ, ರಾತ್ರಿ ಬಾಯಿಯಲ್ಲಿ ಇಟ್ಟುಕೊಂಡು ಮಲಗುತ್ತೀರಾ ಎಂಬ ಒಂದು ಪ್ರಶ್ನೆಯನ್ನು ಕೇಳಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಉಗಿದುಬಿಟ್ಟರೆ ಸಾಕು, ನುಂಗಿದರೆ ಮಾತ್ರ ತೊಂದರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಸವನ್ನು ಉಗಿದರೂ ಕೆನ್ನೆಗೆ ತಗಲಿದ್ದು ತಗಲಿಯೇ ಇರುತ್ತದೆ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಕೆನ್ನೆಯ ಒಳಮೈಯಲ್ಲಿ, ಕೆಳವಸಡು ಮತ್ತು ಕೆನ್ನೆ ಸೇರುವ ಸಂದಿಯಲ್ಲಿ, ಎಂದರೆ ಕವಳ ಇಟ್ಟುಕೊಳ್ಳುವ ಜಾಗದಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅದಕ್ಕೇ. ನುಂಗಿದ ರಸದ ದಾರಿಯೂ ಸುರಕ್ಷಿತವಲ್ಲ. ತಂಬಾಕಿನ ಕವಳವನ್ನು ಬಾಯಿಯಷ್ಟೇ ಅಲ್ಲದೆ ಗಂಟಲು ಮತ್ತು ಅನ್ನನಾಳದ ಕ್ಯಾನ್ಸರಿಗೂ ಕಾರಣವೆಂದು 2003ರ ಪರಿಶೀಲನೆ ಗುರುತಿಸಿತು.

ಎರಡು ವಸ್ತುಗಳ ಗುರುತು ಬಾಯಿಯಲ್ಲಿ ಬೇರೆಬೇರೆಯಾಗಿ ಕಾಣುತ್ತದೆ ಎಂಬುದು ತಿಳಿದಿರಬೇಕಾದ ಸಂಗತಿ. ಅಡಿಕೆಯಿಂದ ಬರುವ ಮುಖ್ಯ ಕಾಯಿಲೆಯಲ್ಲಿ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಡುಸಾಗುತ್ತದೆ, ಖಾರ ತಿಂದರೆ ಉರಿಯುತ್ತದೆ, ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಮಧ್ಯದ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಲು ಆಗದಿದ್ದರೆ ವೈದ್ಯರನ್ನು ಕಾಣಬೇಕು. ತಂಬಾಕಿನ ಗುರುತು ಬೇರೆ: ಕವಳ ಇಡುವ ಜಾಗದಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ. ಅದರ ನಡುವೆ ಕೆಂಪು ತೇಪೆ ಕಂಡರೆ, ಅಥವಾ ಮಖಮಲ್ಲಿನಂಥ ಕೆಂಪು ಕಲೆ ಒಂದೇ ಇದ್ದರೂ, ಅದು ಬಿಳಿಯದಕ್ಕಿಂತ ಹೆಚ್ಚು ಆತಂಕಪಡಬೇಕಾದದ್ದು. ಎರಡು ವಾರ ಕಳೆದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕತ್ತಿನಲ್ಲಿ ಗಟ್ಟಿಯಾದ ಗಂಟು ಇವೂ ಹಾಗೆಯೇ. ಆರಂಭದಲ್ಲಿ ಇಂಥ ಮಚ್ಚೆ, ಹುಣ್ಣುಗಳು ಹೆಚ್ಚಾಗಿ ನೋಯುವುದಿಲ್ಲವೆಂಬುದೇ ದೊಡ್ಡ ಮೋಸ. ಹಲ್ಲುನೋವಿಗೆಂದು ಹೊಗೆಸೊಪ್ಪನ್ನು ಒತ್ತಿಟ್ಟುಕೊಳ್ಳುವವರಲ್ಲಿ ಆ ಜಾಗ ಜೋಮುಗಟ್ಟಿ, ತಿಳಿಯಬೇಕಾದ ನೋವೂ ತಿಳಿಯದೆ ಹೋಗಬಹುದು.

ಇವುಗಳನ್ನು ನೋಡಲು ದೊಡ್ಡ ಯಂತ್ರ ಬೇಕಿಲ್ಲ. ಒಳ್ಳೆಯ ಬೆಳಕು ಮತ್ತು ನಾಲಿಗೆಯನ್ನು ಸರಿಸಲು ಒಂದು ಪಟ್ಟಿ ಸಾಕು. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ದೊಡ್ಡ ಪ್ರಯೋಗವೊಂದರಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಬಾಯಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಮಚ್ಚೆ ಅನುಮಾನಾಸ್ಪದವಾಗಿದ್ದರೆ ಅದರ ಒಂದು ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೊಂದೇ ಖಚಿತವಾದ ಪರೀಕ್ಷೆ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ಆ ಹೆದರಿಕೆಯಿಂದ ಕಳೆದುಹೋಗುವ ತಿಂಗಳುಗಳು ಮಾತ್ರ ನಿಜವಾಗಿ ಹಾನಿ ಮಾಡುತ್ತವೆ.

ಕರ್ನಾಟಕದಲ್ಲಿ ಗುಟ್ಕಾ ಮಾರಾಟವನ್ನು 2013ರಲ್ಲಿ ನಿಷೇಧಿಸಲಾಯಿತು. ಆದರೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಸಿಗುವಾಗ ಕೊಂಡವರು ಅಂಗೈಯಲ್ಲಿ ಎರಡನ್ನೂ ಬೆರೆಸುತ್ತಾರೆ. ಮನೆಯ ತಟ್ಟೆಯಲ್ಲಿ ಆಗುವ ಬೆರಕೆಯೂ ಅದೇ. ರಾಸಾಯನಿಕ ಕ್ರಿಯೆಗೆ ಪೊಟ್ಟಣ ಎಷ್ಟು ಎಂಬುದು ಲೆಕ್ಕಕ್ಕಿಲ್ಲ.

ಬಿಡುವುದರಿಂದ ಏನಾಗುತ್ತದೆ ಎಂಬುದಕ್ಕೂ ಎರಡು ಉತ್ತರಗಳಿವೆ. ತಂಬಾಕಿನಿಂದ ಬಂದ ಬಿಳಿ ಮಚ್ಚೆ, ಬಳಕೆ ನಿಲ್ಲಿಸಿದ ಮೇಲೆ ಎಷ್ಟೋ ಜನರಲ್ಲಿ ಕುಗ್ಗುತ್ತದೆ ಅಥವಾ ಮಾಯವಾಗುತ್ತದೆ. ಅಡಿಕೆಯಿಂದ ಗಡುಸಾದ ಕೆನ್ನೆ ಮಾತ್ರ ಹಾಗೆ ಹಿಂದಕ್ಕೆ ಬರುವುದಿಲ್ಲ. ಅಡಿಕೆ ಬಿಟ್ಟರೆ ಅದು ಮುಂದುವರಿಯುವುದು ನಿಧಾನವಾಗಬಹುದು, ಬಾಯಿ ತೆರೆಯಲು ವ್ಯಾಯಾಮ ಮತ್ತು ಚಿಕಿತ್ಸೆ ಬೇಕಾಗುತ್ತದೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬಿಡಲಾಗದವರು ಮೊದಲು ರಾತ್ರಿಯ ಕವಳವನ್ನೂ ಹೊಗೆಸೊಪ್ಪನ್ನೂ ಬಿಡುವುದು ಅಪಾಯದ ಅತಿದೊಡ್ಡ ಭಾಗವನ್ನು ತೆಗೆದಂತೆ, ಆದರೆ ಅಲ್ಲಿಗೇ ನಿಂತರೆ ಅಡಿಕೆಯ ಪಾಲು ಉಳಿದೇ ಇರುತ್ತದೆ. ಹೊಗೆಸೊಪ್ಪು ಬಿಟ್ಟ ಮೊದಲ ಕೆಲವು ದಿನ ಸಿಡುಕು, ತಲೆನೋವು, ನಿದ್ದೆಗೇಡು ಹೆಚ್ಚಿರುತ್ತವೆ, ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತವೆ. ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಬಳಸಬಹುದು, ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬಿಟ್ಟ ಮೇಲೂ ಹಿಂದಿನ ವರ್ಷಗಳ ದೋಷ ಹೊತ್ತ ಕೋಶಗಳು ಬಾಯಿಯಲ್ಲಿ ಉಳಿದಿರಬಹುದಾದ್ದರಿಂದ, ದೀರ್ಘಕಾಲ ಹಾಕಿಕೊಂಡವರು ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ಕೆನ್ನೆಯ ಎರಡೂ ಬದಿಯನ್ನು ತೋರಿಸಬೇಕು.